ಏಳು ಕಂಪ್ಯಾರೇಟರಿನ ಫ್ಲ್ಯಾಶ್, ಒಂದೇ ಕಂಪ್ಯಾರೇಟರಿನ ಸಿಗ್ಮಾ-ಡೆಲ್ಟಾ: ಎರಡನ್ನೂ ಕಟ್ಟಿ ನೋಡಿದೆ

ಉಡುಪಿಯ ಮಳೆಗೆ ಹೊರಗೆ ಕಾಲಿಡಲಿಕ್ಕೆ ಆಗದ ಒಂದು ವಾರ, ಜಗಲಿಯಲ್ಲಿ ಕೂತು ಬ್ರೆಡ್‌ಬೋರ್ಡ್ ಮೇಲೆ ಎರಡು ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಸರ್ಕ್ಯೂಟ್, ಕಟ್ಟಿದೆ. ಎರಡಕ್ಕೂ ಕೊಟ್ಟದ್ದು ಒಂದೇ 1.83 ವೋಲ್ಟ್, ರೆಫರೆನ್ಸ್ 5 ವೋಲ್ಟ್.

ಮೊದಲು 3 ಬಿಟ್ ಫ್ಲ್ಯಾಶ್. ಎಂಟು ರೆಸಿಸ್ಟರಿನ ಏಣಿ 5 ವೋಲ್ಟನ್ನು ಸಮ ಮೆಟ್ಟಿಲುಗಳಾಗಿ ಹಂಚುತ್ತದೆ, ಇನ್‌ಪುಟ್ ಪ್ರತಿ ಮೆಟ್ಟಿಲಿಗಿಂತ ಮೇಲೋ ಕೆಳಗೋ ಅಂತ ಏಳು ಕಂಪ್ಯಾರೇಟರ್ ಹೇಳುತ್ತವೆ. ಒಂದು ಎಲ್‌ಎಂ339 ಚಿಪ್ಪಿನಲ್ಲಿ ನಾಲ್ಕು ಕಂಪ್ಯಾರೇಟರ್, ಹಾಗಾಗಿ ಎರಡು ಚಿಪ್ಪು. ಇನ್‌ಪುಟ್ ಏರಿಸಿ ಪರೀಕ್ಷಿಸುವಾಗ ಮೇಲಿನ ಎರಡು ಮೆಟ್ಟಿಲು ಮೊದಲಿಗೆ ಹುಚ್ಚುಹುಚ್ಚಾಗಿ ಆಡಿದವು. ಈ ಚಿಪ್ಪಿನ ಇನ್‌ಪುಟ್ ಸಪ್ಲೈಗಿಂತ ಒಂದೂವರೆ ವೋಲ್ಟ್ ಕೆಳಗೇ ಇರಬೇಕು, ನಾನು ಕೊಟ್ಟದ್ದು 5 ವೋಲ್ಟ್ ಸಪ್ಲೈ. 9 ವೋಲ್ಟ್ ಕೊಟ್ಟ ಮೇಲೆ ಸರಿಯಾಯಿತು. ಉತ್ತರ ಮೈಕ್ರೊಸೆಕೆಂಡುಗಳಲ್ಲಿ ಬರುತ್ತದೆ, ಆದರೆ ಅದು ಹೇಳುವುದು "1.25ರಿಂದ 1.875ರ ನಡುವೆ ಎಲ್ಲೋ" ಅಂತ ಮಾತ್ರ.

"10 ಬಿಟ್ ಮಾಡಲಿಕ್ಕೆ ಎಷ್ಟು ಬೇಕು ಮಾರಾಯ?" ಭಾವ ಕೇಳಿದರು. ಒಂದು ಬಿಟ್ ಏರಿದರೆ ಕಂಪ್ಯಾರೇಟರ್ ಸುಮಾರು ಇಮ್ಮಡಿ. 8 ಬಿಟ್ಟಿಗೆ 255, 10ಕ್ಕೆ 1023, ಅಂದರೆ 256 ಚಿಪ್ಪು! ಅಷ್ಟು ಕಟ್ಟಿದರೂ ಪ್ರಯೋಜನ ಇಲ್ಲ. ಆಗ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, ಎಲ್‌ಎಂ339ರ ಆಫ್‌ಸೆಟ್ಟೇ, ಅಂದರೆ ಹೋಲಿಸುವಾಗ ಚಿಪ್ಪೇ ಮಾಡುವ ತಪ್ಪು, 5 ಮಿಲಿವೋಲ್ಟ್ ತನಕ ಹೋಗಬಹುದು. ಪಕ್ಕದ ಮೆಟ್ಟಿಲುಗಳು ಅದಲುಬದಲಾದರೂ ಆಶ್ಚರ್ಯ ಇಲ್ಲ.

ಇನ್ನೊಂದು, ಸಿಗ್ಮಾ-ಡೆಲ್ಟಾ. ಒಂದು ಇಂಟಿಗ್ರೇಟರ್, ಒಂದು ಕಂಪ್ಯಾರೇಟರ್, ಒಂದು ಫ್ಲಿಪ್-ಫ್ಲಾಪ್, ಅಷ್ಟೆ. ಇಂಟಿಗ್ರೇಟರ್ ಒಂದು ಬಕೆಟ್, ಅದಕ್ಕೆ ಮಾಡಿನ ನೀರು ಬೀಳುತ್ತಿದೆ ಅಂದುಕೊಳ್ಳಿ. ಪ್ರತಿ ಕ್ಲಾಕಿಗೂ ನೋಡುವುದು, ನೀರು ಗೆರೆ ದಾಟಿದ್ದರೆ ಒಂದು ಸೇರು ಹೊರಗೆ ಚೆಲ್ಲುವುದು. ಎಷ್ಟು ಸೇರು ಚೆಲ್ಲಿದೆವು ಅಂತ ಲೆಕ್ಕ ಇಟ್ಟರೆ ಮಳೆ ಎಷ್ಟು ಅಂತ ಗೊತ್ತಾಗುತ್ತದೆ, ಅಲ್ವಾ? ಈ ಸಲ ಉಳಿದ ಚೂರು ಬಕೆಟ್ಟಿನಲ್ಲೇ ಇದ್ದು ಮುಂದಿನ ಲೆಕ್ಕಕ್ಕೆ ಸೇರುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ 4096 ಕ್ಲಾಕ್ ಓಡಿಸಿದೆ, ಒಂದು ಸೇರು ಚೆಲ್ಲಿದ್ದಕ್ಕೆ ಒಂದರಂತೆ 1499 ಒಂದುಗಳು ಬಂದವು. ಅಂದರೆ 1.8298 ವೋಲ್ಟ್.

ಕುತೂಹಲಕ್ಕೆ ಕಂಪ್ಯಾರೇಟರಿನ ಗೆರೆಯನ್ನೇ 100 ಮಿಲಿವೋಲ್ಟ್ ಮೇಲೆ ಸರಿಸಿದೆ. ಎಣಿಕೆ ಹೆಚ್ಚೆಂದರೆ ಒಂದು ಅತ್ತಿತ್ತ ಆಯಿತು! ಗೆರೆ ಎಲ್ಲಿದ್ದರೇನು, ಬಕೆಟ್ ಸ್ವಲ್ಪ ಜಾಸ್ತಿ ತುಂಬಿ ನಿಲ್ಲುತ್ತದೆ, ಚೆಲ್ಲುವ ಸೇರಿನ ಲೆಕ್ಕ ಬದಲಾಗುವುದಿಲ್ಲ. ಅಗ್ಗದ ಕಂಪ್ಯಾರೇಟರ್ ಇಲ್ಲಿ ಸಾಕಾಗುವುದು ಅದಕ್ಕೇ. ಫ್ಲ್ಯಾಶ್‌ನಲ್ಲಾದರೆ ಅಷ್ಟೇ ತಪ್ಪು ನೇರ ಉತ್ತರಕ್ಕೆ ಬರುತ್ತಿತ್ತು.

ಆದರೆ ಸೇರಿನ ಅಳತೆ ತಪ್ಪಬಾರದು. ನನ್ನ ಸರ್ಕ್ಯೂಟಿನಲ್ಲಿ ಸೇರು ಅಂದರೆ ಯುಎಸ್‌ಬಿಯ 5 ವೋಲ್ಟ್. ಪಕ್ಕದ ಪೋರ್ಟಿಗೆ ಫೋನ್ ಚಾರ್ಜಿಗೆ ಹಾಕಿದರೆ ಸಾಕು, ಆ ವೋಲ್ಟೇಜ್ ತುಸು ಕುಸಿದು ಎಣಿಕೆ ಏರಿತು. ಇಂಟಿಗ್ರೇಟರಿನ ಒಳಗಿನ ಆಪ್‌ಆಂಪಿನ ಆಫ್‌ಸೆಟ್ಟೂ ಹಾಗೆಯೇ ಉತ್ತರಕ್ಕೆ ಸೇರುತ್ತದೆ. ಮತ್ತೆ ಒಂದು ರೀಡಿಂಗಿಗೆ 41 ಮಿಲಿಸೆಕೆಂಡ್ ಬೇಕು. ಸುಮ್ನೆ ಎಣಿಸುವ ಬದಲು ಒಳ್ಳೆಯ ಡಿಜಿಟಲ್ ಫಿಲ್ಟರ್ ಹಾಕಿದರೆ ಕ್ಲಾಕಿನ ವೇಗ ಇಮ್ಮಡಿಯಾದಾಗಲೆಲ್ಲ ಒಂದೂವರೆ ಬಿಟ್ ಹೆಚ್ಚು ಸಿಗುತ್ತದೆ, ಎರಡು ಇಂಟಿಗ್ರೇಟರ್ ಇದ್ದರೆ ಎರಡೂವರೆ.

ಆಸಿಲೋಸ್ಕೋಪಿನಂಥ ವೇಗದ ಕೆಲಸಕ್ಕೆ ಫ್ಲ್ಯಾಶ್‌ನಂಥ ವೇಗದ ಎಡಿಸಿಯೇ ಬೇಕು. ಅತ್ತಿಗೆಯ ಮಲ್ಲಿಗೆ ತೂಗುವ ತಕ್ಕಡಿಗೆ ನಾನು ಸಿಗ್ಮಾ-ಡೆಲ್ಟಾವನ್ನೇ ಇಟ್ಟೆ, ಯುಎಸ್‌ಬಿ ಬಿಡಿಸಿ ಬೇರೆ ರೆಫರೆನ್ಸ್ ಚಿಪ್ ಹಾಕಿ.