ರಬ್ಬರ್ ತೋಟ ಟ್ಯಾಪಿಂಗ್ ಗುತ್ತಿಗೆಗೆ ಕೊಡುವವರು ಗಮನಿಸಿ: ಎರಡು ವರ್ಷದಲ್ಲಿ ನಾಲ್ಕು ವರ್ಷದ ತೊಗಟೆ ಖಾಲಿ

ಕಡಬ ಕಡೆಯ ಒಂದು ತೋಟದಲ್ಲಿ ಆದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯಲ್ಲಿ ತೋಟವನ್ನು ಗುತ್ತಿಗೆಗೆ ಕೊಟ್ಟು ಬೇರೆ ಊರಲ್ಲಿರುವವರು ಬಹಳ ಮಂದಿ ಇದ್ದಾರೆ. ಅವರು ಇದನ್ನು ಓದಿದ ಮೇಲೆ ಒಮ್ಮೆ ಅಳತೆ ಟೇಪ್ ಹಿಡಿದು ತೋಟಕ್ಕೆ ಹೋಗಬೇಕು.

ಇದ್ದದ್ದು 400 ಮರ, ಎಲ್ಲವೂ ಆರ್‌ಆರ್‌ಐಐ 105 ತಳಿಯ ಕಸಿ ಗಿಡದಿಂದ ಬೆಳೆದವು. ಮರ ಸಿದ್ಧವಾಗುವವರೆಗೆ ಯಜಮಾನರು ಆತುರಪಟ್ಟಿರಲಿಲ್ಲ. ಕಸಿ ಗಂಟಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ 50 ಸೆಂಟಿಮೀಟರ್ ಆದ ಮರಗಳು ನೂರಕ್ಕೆ ಎಪ್ಪತ್ತು ದಾಟಿದ ಮೇಲೆಯೇ, 2023ರ ಏಪ್ರಿಲ್‌ನಲ್ಲಿ, ಪ್ಯಾನೆಲ್ ತೆರೆಸಿದ್ದು. ಎಡವಿದ್ದು ಕರಾರಿನಲ್ಲಿ. ಮರಕ್ಕೆ ಇಷ್ಟು ಎಂದು ವರ್ಷದ ಮೊತ್ತ ನಿಗದಿಯಾಯಿತು, ಎರಡು ವರ್ಷದ ಅವಧಿ. ಮೂರು ದಿನಕ್ಕೊಮ್ಮೆ ಟ್ಯಾಪಿಂಗ್ ಎಂಬುದು ಬಾಯಿಮಾತಿನಲ್ಲಿ ಇತ್ತು, ಕಾಗದದಲ್ಲಿ ಇರಲಿಲ್ಲ. ಇಂಥ ಕರಾರಿನಲ್ಲಿ ಗುತ್ತಿಗೆದಾರನಿಗೆ ಮರ ಹತ್ತು ವರ್ಷ ಆಮೇಲೆ ಏನಾಗುತ್ತದೆ ಎಂಬುದರಲ್ಲಿ ಯಾವ ಪಾಲೂ ಇಲ್ಲ. 2024ರ ಆಗಸ್ಟ್‌ನಲ್ಲಿ ರಬ್ಬರ್ ಕಿಲೋಗೆ 240 ರೂಪಾಯಿ ದಾಟಿದಾಗ ಕತ್ತಿ ಹೆಚ್ಚುಕಡಿಮೆ ದಿನಾ ಮರಕ್ಕೆ ಬಿತ್ತು. 2025ರ ಮಾರ್ಚ್‌ನಲ್ಲಿ ತೋಟ ವಾಪಸು ಸಿಕ್ಕಾಗ ನೂರಕ್ಕೂ ಹೆಚ್ಚು ಮರಗಳಲ್ಲಿ ಹಾಲು ಪೂರ್ತಿ ನಿಂತಿತ್ತು. ಉಳಿದವುಗಳಲ್ಲೂ ಬಹಳಷ್ಟರಲ್ಲಿ ಅರ್ಧ ಗೀರು ಒಣಗಿತ್ತು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಹಾಲು ಎಲ್ಲಿ ಹುಟ್ಟುತ್ತದೆ ಎಂಬುದರಿಂದ ಶುರು ಮಾಡಬೇಕು. ಹಾಲು ಕಟ್ಟಿಗೆಯಲ್ಲಿ ಇಲ್ಲ, ತೊಗಟೆಯ ಒಳಪದರದಲ್ಲಿ ಇದೆ. ಅಲ್ಲಿ ಸೂಕ್ಷ್ಮ ನಾಳಗಳು ಒಂದರ ಹಿಂದೆ ಒಂದು ಉಂಗುರದಂತೆ ಕಾಂಡವನ್ನು ಸುತ್ತಿಕೊಂಡಿವೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಎಳೆ ಪದರ, ಅಂದರೆ ಕ್ಯಾಂಬಿಯಂ, ಹೊಸ ನಾಳಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಆದ್ದರಿಂದ ಅತಿ ಹೆಚ್ಚು ಹಾಲು ಕೊಡುವ ನಾಳಗಳು ಇರುವುದು ಅದರ ಹತ್ತಿರವೇ. ಈ ನಾಳಗಳು ನೇರವಾಗಿ ಮೇಲೇರದೆ ಬಲಕ್ಕೆ ತುಸು ವಾಲಿ ಏರುತ್ತವೆ. ಅದಕ್ಕೇ ಗೀರು ಎಡಗಡೆ ಎತ್ತರದಲ್ಲಿ ಶುರುವಾಗಿ ಬಲಗಡೆ ಕೆಳಗಿಳಿಯಬೇಕು, ಆಗ ಹೆಚ್ಚು ನಾಳಗಳು ತುಂಡಾಗುತ್ತವೆ. ಕಸಿ ಮರಕ್ಕೆ ಇಳಿಜಾರು 30 ಡಿಗ್ರಿ.

ನಸುಕಿನಲ್ಲಿ ನಾಳದೊಳಗಿನ ಒತ್ತಡ ಅತಿ ಹೆಚ್ಚು. ಗೀರಿದ ಕೂಡಲೇ ಹಾಲು ಚಿಮ್ಮುವುದು ಆ ಒತ್ತಡದಿಂದ. ಹೊರಬಂದದ್ದು ನಾಳದ ಜೀವರಸವೇ. ರಬ್ಬರ್ ಕಣಗಳ ಜೊತೆಗೆ ಸಕ್ಕರೆ, ಪ್ರೋಟೀನು, ಕಿಣ್ವಗಳು ಎಲ್ಲ ಹೋಗುತ್ತವೆ. ಹಾಲಿನಲ್ಲಿ ಲುಟಾಯ್ಡ್ ಎಂಬ ಪುಟ್ಟ ಚೀಲಗಳೂ ಇವೆ. ಗೀರಿನ ಬಾಯಲ್ಲಿ ಅವು ಒಡೆದಾಗ ರಬ್ಬರ್ ಕಣಗಳು ಹೆಪ್ಪುಗಟ್ಟಿ ನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಹರಿವು ನಿಲ್ಲುತ್ತದೆ. ಆಮೇಲೆ ಎಲೆಯಿಂದ ಇಳಿದು ಬರುವ ಸಕ್ಕರೆಯಿಂದ ಮರ ಹೊಸದಾಗಿ ರಬ್ಬರ್ ಕಟ್ಟಬೇಕು. ಇದಕ್ಕೆ ಎರಡರಿಂದ ಮೂರು ದಿನ ಬೇಕು. ಅದೇ ಸಕ್ಕರೆಯಲ್ಲಿ ಕಾಂಡ ದಪ್ಪವಾಗಬೇಕು, ಹೊಸ ತೊಗಟೆ ಬರಬೇಕು, ಚಿಗುರು ಒಡೆಯಬೇಕು. ಆರ್‌ಆರ್‌ಐಐ 105 ಚೆನ್ನಾಗಿ ಹಾಲು ಕೊಡುವ ತಳಿ, ಆದರೆ ಪದೇಪದೇ ಗೀರಿದರೆ ಬೇಗ ಒಣಗುವ ತಳಿಯೂ ಹೌದು. ಇದಕ್ಕೆ ಮೂರು ದಿನಕ್ಕೊಮ್ಮೆ ಎಂದು ಶಿಫಾರಸು ಇರುವುದು ಈ ಕಾರಣಕ್ಕೆ.

ಈಗ ಆ ತೋಟದ ಲೆಕ್ಕ ನೋಡಿ. ಮೂರು ದಿನಕ್ಕೊಮ್ಮೆ ಎಂದರೆ ಎಲೆ ಉದುರಿ ಚಿಗುರುವ ಸಮಯದ ಬಿಡುವು ಕಳೆದು ವರ್ಷಕ್ಕೆ ಸುಮಾರು 100 ಟ್ಯಾಪಿಂಗ್. ಒಳ್ಳೆಯ ಟ್ಯಾಪರ್ ಒಂದು ಸಲಕ್ಕೆ ತೆಗೆಯುವ ತೊಗಟೆ 1.7 ಮಿಲಿಮೀಟರ್ ಎಂದು ಹಿಡಿದರೆ ವರ್ಷಕ್ಕೆ 17 ಸೆಂಟಿಮೀಟರ್. 125 ಸೆಂಟಿಮೀಟರಿನ ಪ್ಯಾನೆಲ್ ಏಳು ವರ್ಷ ಬರಬೇಕು. ಎರಡು ವರ್ಷಕ್ಕೆ ಹೋಗಬೇಕಾದದ್ದು 34. ತೋಟ ಕೈಗೆ ಬಂದಾಗ ಅಳೆದರೆ ಗೀರಿನಿಂದ ಕಸಿ ಗಂಟಿಗೆ ಉಳಿದಿದ್ದದ್ದು 51 ಸೆಂಟಿಮೀಟರ್ ಮಾತ್ರ. 74 ಸೆಂಟಿಮೀಟರ್ ಹೋಗಿತ್ತು. ಮೊದಲ ವರ್ಷ ದಿನ ಬಿಟ್ಟು ದಿನ ಸುಮಾರು 145 ಸಲ, ಸಲಕ್ಕೆ 1.8 ಮಿಲಿಮೀಟರಿನಂತೆ 26. ಎರಡನೇ ವರ್ಷ ಮಳೆಗಾಲದಲ್ಲೂ ರೈನ್ ಗಾರ್ಡ್ ಕಟ್ಟಿ, ಬೇಸಿಗೆಯ ಬಿಡುವನ್ನೂ ಕೊಡದೆ ಸುಮಾರು 240 ಸಲ, ಅವಸರದ ಕೈಯಲ್ಲಿ ಸಲಕ್ಕೆ 2 ಮಿಲಿಮೀಟರಿನಂತೆ 48. ಟ್ಯಾಪಿಂಗ್ ದಿನಗಳ ಬಗ್ಗೆ ಯಾರು ಏನೇ ಹೇಳಲಿ, ತೊಗಟೆಯಲ್ಲಿ ಲೆಕ್ಕ ಉಳಿದಿರುತ್ತದೆ.

ಈ ನಷ್ಟ ಒಂದು ಪ್ಯಾನೆಲ್‌ಗೆ ಮುಗಿಯುವುದಿಲ್ಲ. ಮರದ ಒಂದು ಅರ್ಧ ಸುತ್ತು ಮೊದಲ ಪ್ಯಾನೆಲ್, ಎದುರಿನ ಅರ್ಧ ಎರಡನೆಯದು. ಎರಡನೆಯದನ್ನು ಗೀರಿ ಮುಗಿಸುವಷ್ಟರಲ್ಲಿ ಮೊದಲನೆಯದರಲ್ಲಿ ಹೊಸ ತೊಗಟೆ ದಪ್ಪವಾಗಿ, ನಾಳಗಳು ತುಂಬಿ, ಮತ್ತೆ ಗೀರಲು ಬರಬೇಕು ಎಂಬುದೇ ಈ ವಿನ್ಯಾಸದ ಹಿಂದಿನ ಲೆಕ್ಕ. ಮೂರು ವರ್ಷಕ್ಕೆ ಒಂದು ಬದಿ ಮುಗಿದರೆ ಹೊಸ ತೊಗಟೆಗೆ ಆ ಸಮಯವೇ ಸಿಗುವುದಿಲ್ಲ. ಅದರ ಮೇಲೆ ಈ ತೋಟದಲ್ಲಿ ಇನ್ನೂ ಎರಡು ತಪ್ಪು ಸೇರಿದ್ದವು. ಗೀರು ಬದಿಯ ಲಂಬ ಗೆರೆಯನ್ನು ದಾಟಿ ಎರಡನೇ ಪ್ಯಾನೆಲ್‌ನೊಳಗೆ ನಾಲ್ಕೈದು ಬೆರಳಷ್ಟು ನುಗ್ಗಿತ್ತು. ಗೀರು ಉದ್ದವಾದಷ್ಟೂ ಅವತ್ತು ಹಾಲು ಹೆಚ್ಚು, ಆದರೆ ಕದ್ದದ್ದು ಮುಂದಿನ ಪ್ಯಾನೆಲ್‌ನ ತೊಗಟೆ. ಇನ್ನೊಂದು ಆಳ. ಕ್ಯಾಂಬಿಯಂಗೆ ಮುಟ್ಟದಂತೆ ಸುಮಾರು ಒಂದು ಮಿಲಿಮೀಟರ್ ತೊಗಟೆ ಬಿಟ್ಟು ಗೀರಬೇಕು. ಇಲ್ಲಿ ಕತ್ತಿ ಹಲವು ಕಡೆ ಕಟ್ಟಿಗೆಗೇ ತಾಗಿತ್ತು. ಕ್ಯಾಂಬಿಯಂ ಗಾಯವಾದ ಕಡೆ ಹೊಸ ತೊಗಟೆ ನಯವಾಗಿ ಬರುವುದಿಲ್ಲ, ಗಂಟು ಗಂಟಾಗುತ್ತದೆ. ಆ ಗಂಟಿನ ಮೇಲೆ ಮುಂದೆ ಕತ್ತಿ ಓಡುವುದಿಲ್ಲ.

ಮರ ಒಣಗುವ ಮೊದಲು ಸೂಚನೆ ಕೊಡುತ್ತದೆ. ದುರದೃಷ್ಟಕ್ಕೆ ಮೊದಲ ಸೂಚನೆಯನ್ನು ಹೆಚ್ಚಿನವರು ಲಾಭವೆಂದು ತಿಳಿಯುತ್ತಾರೆ. ಬೆಳಿಗ್ಗೆ ಹಾಲು ಎತ್ತಿದ ಮೇಲೂ ಮಧ್ಯಾಹ್ನ, ಸಂಜೆಯವರೆಗೆ ಕಪ್‌ಗೆ ತೊಟ್ಟಿಕ್ಕುತ್ತಿರುತ್ತದೆ. ನಾಳದ ಬಾಯಿ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಹಾಲು ತೆಳುವಾಗಿದೆ ಎಂದು ಅದರ ಅರ್ಥ. ಈ ತೋಟದಲ್ಲೂ ಹಾಗೆಯೇ ಆಯಿತು. ಎರಡನೇ ವರ್ಷದ ನಡುವೆ ಹಾಲಿನ ಅಳತೆ ಇಳಿದಿರಲಿಲ್ಲ, ಆದರೆ ಮೊದಲು 100 ಕಿಲೋ ಹಾಲಿಗೆ 35 ಕಿಲೋ ಒಣ ರಬ್ಬರ್ ಬರುತ್ತಿದ್ದದ್ದು 26ಕ್ಕೆ ಬಂದಿತ್ತು. ಮಾರಾಟದ ಚೀಟಿಗಳಲ್ಲಿ ಇದು ದಾಖಲಾಗಿತ್ತು, ಯಾರೂ ಜೋಡಿಸಿ ನೋಡಲಿಲ್ಲ. ಒಣ ರಬ್ಬರ್ ಅಂಶ ನೂರಕ್ಕೆ 30ಕ್ಕಿಂತ ಕೆಳಗೆ ನಿಂತುಬಿಟ್ಟರೆ ಅವತ್ತೇ ಟ್ಯಾಪಿಂಗ್ ಕಡಿಮೆ ಮಾಡಬೇಕು. ಮನೆಯಲ್ಲೇ ನೋಡಬಹುದು. ಚೆನ್ನಾಗಿ ಕಲಸಿದ, ನೀರು ಬೆರೆಸದ 20 ಗ್ರಾಂ ಹಾಲಿಗೆ ನೀರು ಬೆರೆಸಿದ ಫಾರ್ಮಿಕ್ ಆ್ಯಸಿಡ್ ಹಾಕಿ ಗಟ್ಟಿ ಮಾಡಿ, ತೆಳ್ಳಗೆ ಒತ್ತಿ, ತೊಳೆದು, ಬಿಳಿ ಚುಕ್ಕೆ ಉಳಿಯದಂತೆ ಒಣಗಿಸಿ ತೂಗಿ. 6 ಗ್ರಾಂ ಬಂದರೆ ನೂರಕ್ಕೆ 30. ಹಾಲಿನ ಕಾಲುಭಾಗ ಮಳೆನೀರು ಬಿದ್ದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ, ಮಳೆ ಇಲ್ಲದ ದಿನ ಮಾಡಿ.

ಮುಂದಿನ ಹಂತದಲ್ಲಿ ಆಟ ತಿರುಗುತ್ತದೆ. ನಾಳದ ಕೋಶಗಳು ದಣಿದು, ಲುಟಾಯ್ಡ್ ಚೀಲಗಳು ಗೀರಿನ ಬಾಯಲ್ಲಲ್ಲ, ನಾಳದೊಳಗೇ ಒಡೆಯತೊಡಗುತ್ತವೆ. ಹಾಲು ಒಳಗೇ ಹೆಪ್ಪುಗಟ್ಟುತ್ತದೆ. ಗೀರಿನಲ್ಲಿ ಒಂದು ತುಂಡು ಜಾಗ ಬಿಳಿಯಾಗುವುದಿಲ್ಲ, ಅದರ ಎರಡೂ ಬದಿಯಲ್ಲಿ ಹಾಲು ಬರುತ್ತದೆ. ಆಮೇಲೆ ಒಣ ಜಾಗ ಅಗಲವಾಗುತ್ತದೆ, ತೊಗಟೆ ಒಳಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹೊರಗೆ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಆ ಹಂತಕ್ಕೆ ಬಂದ ಪ್ಯಾನೆಲ್ ಮರಳಿ ಹಾಲಿಗೆ ಬರುತ್ತದೆ ಎಂದು ನಂಬಿ ಕೂರಬೇಡಿ.

ಈ ತೋಟದಲ್ಲಿ ಅದನ್ನು ಬೇಗ ತಂದದ್ದು ಎಥೆಫಾನ್. ಗೀರಿನ ಮೇಲ್ಭಾಗದಲ್ಲಿ ಪದೇಪದೇ ಬಳಿದ ಗುರುತು ಸ್ಪಷ್ಟವಾಗಿತ್ತು. ಎಥೆಫಾನ್ ಮರಕ್ಕೆ ಆಹಾರವಲ್ಲ, ಹರಿವು ಬೇಗ ನಿಲ್ಲದಂತೆ ಮಾಡುವ ಔಷಧಿ. ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಅಂತರದಲ್ಲಿ ಗೀರುವಾಗ ಕಡಿಮೆ ದಿನಗಳ ಇಳುವರಿ ಸರಿದೂಗಿಸಲು ಅದನ್ನು ಬಳಸುತ್ತಾರೆ. ಅಂಗಡಿಯ ಶೇಕಡಾ 10ರ ದ್ರಾವಣವನ್ನು ಶೇಕಡಾ 2.5ಕ್ಕೆ ತೆಳುಮಾಡಿ, ವರ್ಷಕ್ಕೆ ಕೆಲವೇ ಸಲ, ಮುಂದಿನ ಟ್ಯಾಪಿಂಗ್‌ಗೆ 48ರಿಂದ 72 ಗಂಟೆ ಮೊದಲು ಹಚ್ಚುವುದು ಕ್ರಮ. ದಿನಾ ಗೀರುವ ಎಳೆಯ ಮರಕ್ಕೆ ಅದನ್ನು ತಿಂಗಳು ತಿಂಗಳು ಹಚ್ಚುವುದು, ರಬ್ಬರ್ ಕಟ್ಟಿಕೊಳ್ಳಲು ಬಿಡುವೇ ಇಲ್ಲದ ನಾಳವನ್ನು ಇನ್ನಷ್ಟು ಬರಿದು ಮಾಡುವುದು. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು.

ಗುತ್ತಿಗೆ ಕೊಡಲೇಬೇಕಾದರೆ ಮರದ ಮೇಲೆಯೇ ಕರಾರು ಬರೆಯಿಸಿ. ಪ್ಯಾನೆಲ್ ತೆರೆಯುವಾಗ ತಗಡಿನ ಮಾದರಿ ಇಟ್ಟು 30 ಡಿಗ್ರಿ ಗೆರೆ, ಎಡಬಲದ ಎರಡು ಲಂಬ ಗೆರೆ ಹಾಕಿಸಿ. ಸಾಲಿಗೆ ಒಂದರಂತೆ ಹತ್ತು ಹದಿನೈದು ಮರ ಆಯ್ದು, ಪ್ರತಿ ತಿಂಗಳ ಮೊದಲ ದಿನ ಗೀರು ಎಲ್ಲಿದೆಯೋ ಅದರ ಪಕ್ಕ, ಲಂಬ ಗೆರೆಯ ಹೊರಗೆ, ಪೇಂಟಿನ ಚುಕ್ಕೆ ಇಡಿಸಿ. ಮೂರು ದಿನಕ್ಕೊಮ್ಮೆ ಗೀರಿದರೆ ತಿಂಗಳಿಗೆ ಹತ್ತು ಟ್ಯಾಪಿಂಗ್, ಎರಡು ಚುಕ್ಕೆಗಳ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ಇರಕೂಡದು. 3 ಇದ್ದರೆ ದಿನ ಹೆಚ್ಚಾಗಿದೆ ಅಥವಾ ಚೂರು ದಪ್ಪವಾಗಿದೆ. ಬೆಂಗಳೂರಿನಲ್ಲಿ ಇರುವವರು ಅಳತೆ ಟೇಪ್ ಇಟ್ಟು ತೆಗೆದ ಫೋಟೊ ಕಳಿಸಲು ಹೇಳಬಹುದು. ವರ್ಷಕ್ಕೆ ಗರಿಷ್ಠ 20 ಸೆಂಟಿಮೀಟರ್ ತೊಗಟೆ, ಗೆರೆ ದಾಟಬಾರದು, ಎಥೆಫಾನ್ ಕೇಳದೆ ಹಚ್ಚಬಾರದು, ಚಿಗುರುವ ಕಾಲದಲ್ಲಿ ಬಿಡುವು ಎಂಬ ನಾಲ್ಕು ಮಾತು ಕಾಗದದಲ್ಲಿ ಇರಲಿ, ಮೀರಿದರೆ ಕರಾರು ರದ್ದು ಎಂದೂ ಇರಲಿ. ವರ್ಷದ ಮೊತ್ತಕ್ಕಿಂತ ಟ್ಯಾಪರ್‌ಗೆ ದಿನಗೂಲಿ ಕೊಟ್ಟು ಹಾಲು ನೀವೇ ಮಾರುವುದು ಹೆಚ್ಚು ಸುರಕ್ಷಿತ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಗಾಗಲೇ ಅರ್ಧ ಒಣಗಿದ ಮರಗಳಿದ್ದರೆ ಅವಕ್ಕೆ ಬಣ್ಣದ ಗುರುತು ಹಾಕಿ ಟ್ಯಾಪಿಂಗ್ ನಿಲ್ಲಿಸಿ. ಕೆಲವು ತಿಂಗಳು ಬಿಟ್ಟು, ಒಣಗಿದ ಜಾಗದ ಕೆಳಗೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಹಾಲು ಎಲ್ಲಿಂದ ಬರುತ್ತದೆ ನೋಡಿ. ಬಂದರೆ ಮೂರು ದಿನದ ಬದಲು ಇನ್ನೂ ದೂರದ ಅಂತರದಲ್ಲಿ ಮತ್ತೆ ಶುರು ಮಾಡಬಹುದು. ಒಂದು ಬದಿ ಒಣಗಿತೆಂದು ಅದೇ ವಾರ ಎದುರಿನ ಬದಿಯನ್ನು ಅದೇ ವೇಗದಲ್ಲಿ ತೆರೆಯಬೇಡಿ, ಒಣಗು ಅಲ್ಲಿಗೂ ಹರಡುತ್ತದೆ. ಹಾಲು ವಾಪಸು ತರುತ್ತೇವೆಂದು ಡಬ್ಬಿಯಲ್ಲಿ ಮಾರುವ ಲೇಪಗಳಿಗೆ ದುಡ್ಡು ಹಾಕುವ ಮೊದಲು ಹತ್ತಿರದ ರಬ್ಬರ್ ಬೋರ್ಡ್ ಕಚೇರಿಯ ಕ್ಷೇತ್ರಾಧಿಕಾರಿಯನ್ನು ತೋಟಕ್ಕೆ ಕರೆದು ಮರ ತೋರಿಸಿ.