ಸಾಲಿನ ಕೊನೆಯ ‘ಸ’ಕ್ಕೆ ಮೂರು ದಾರಿ: ಆಥೆಂಟಿಕ್, ಡಿಸೆಪ್ಟಿವ್, ಪ್ಲೇಗಲ್

ಬೆಳಗಾವಿ, ಬಾಗಲಕೋಟೆ ಕಡೆಯ ಭಜನೆಗಳಲ್ಲಿ ಪೇಟಿಯ ಪಕ್ಕಕ್ಕೆ ಕೀಬೋರ್ಡ್ ಕೂಡ ಬಂದು ಕೂತಿರುವುದುಂಟು. ಪೇಟಿಯವರಿಗೆ ಚಿಂತೆಯಿಲ್ಲ, ಹಾಡಿನ ಸ್ವರವನ್ನೇ ನುಡಿಸುತ್ತಾರೆ. ಕಾರ್ಡ್ ಹಿಡಿಯುವವರಿಗೆ ಮಾತ್ರ ಸಾಲು ಮುಗಿಯುವ ಜಾಗದಲ್ಲಿ ತಕರಾರು ಶುರು. ಕೊನೆಯ ‘ಸ’ ಸಿ ಮೇಜರ್‌ನಲ್ಲೂ (ಸ ಗ ಪ), ಎಫ್ ಮೇಜರ್‌ನಲ್ಲೂ (ಮ ಧ ಸ), ಎ ಮೈನರ್‌ನಲ್ಲೂ (ಧ ಸ ಗ) ಇದೆ. ಹಾಡುವವರು ಅದೇ ‘ಸ’ಕ್ಕೆ ಬಂದು ನಿಂತರೂ ಕಾರ್ಡ್ ಬದಲಾದರೆ ಸಾಲಿನ ಅರ್ಥವೇ ಬದಲಾಗುತ್ತದೆ.

ಆಥೆಂಟಿಕ್, ಡಿಸೆಪ್ಟಿವ್, ಪ್ಲೇಗಲ್ ಎಂಬ ಮೂರು ಬಗೆಯ ಮುಕ್ತಾಯಗಳನ್ನು ಹೋಲಿಸಲು ಒಂದೇ ಸಾಲು ಸಾಕು. ಬಿಳಿ ಒಂದರ ಶ್ರುತಿ, ಕೆಹರವಾ, ಎಂಟು ಮಾತ್ರೆ: ಗ ಗ ಪ ಗ | ಮ ಮ ಗ ರಿ, ಮುಂದಿನ ಸಮದ ಮೇಲೆ ‘ಸ’. ಮೊದಲ ನಾಲ್ಕು ಮಾತ್ರೆ ಸಿ ಮೇಜರ್, ಐದರಿಂದ ಎಂಟರವರೆಗೆ ಜಿ ಸೆವೆನ್ (ಪ ನಿ ರಿ ಮ).

ಆಥೆಂಟಿಕ್ ಅಂದರೆ ಸಮದ ಮೇಲೆ ಸಿ ಮೇಜರ್. ಜಿ ಸೆವೆನ್‌ನೊಳಗೆ ‘ನಿ’ ಮೇಲಿನ ‘ಸ’ಕ್ಕೆ ಎಳೆಯುತ್ತದೆ, ‘ಮ’ ಕೆಳಗಿನ ‘ಗ’ಕ್ಕೆ ಇಳಿಯುತ್ತದೆ, ಬೇಸ್ ‘ಪ’ದಿಂದ ‘ಸ’ಕ್ಕೆ ಬಂದರೆ ಮಾತು ಮುಗಿಯಿತು. ಕೆಡುವುದು ಎರಡೇ ಕಡೆ. ಜಿ ಸೆವೆನ್ ತಡವಾಗಿ, ಸಮದ ಮೇಲೆಯೇ ಬಿದ್ದರೆ ಸಾಲು ಕುಂಟುತ್ತದೆ. ನಾಲ್ಕೂ ಸಾಲಿಗೆ ಇದನ್ನೇ ಹಾಕಿದರೆ ಹಾಡು ನಾಲ್ಕು ಸಲ ಮುಗಿದಂತಾಗಿ, ಕೇಳುವವರು ಎರಡನೇ ಸಾಲಿಗೇ ಚಪ್ಪಾಳೆಗೆ ಕೈ ಎತ್ತುತ್ತಾರೆ.

ಡಿಸೆಪ್ಟಿವ್‌ನಲ್ಲಿ ಸಮದವರೆಗೆ ಎಲ್ಲವೂ ಹಾಗೇ, ಸಮದ ಮೇಲೆ ಮಾತ್ರ ಎ ಮೈನರ್. ಹಾಡುವವರ ಪಾಲಿಗೆ ಏನೂ ಬದಲಾಗಿಲ್ಲ, ಅವರು ‘ಸ’ ಹಾಡುತ್ತಿದ್ದಾರೆ. ಕೆಳಗಿನ ನೆಲ ಸರಿದಿದೆ. ಮೂರನೇ ಸಾಲನ್ನು ಎರಡು ಸಲ ಹಾಡುವ ರೂಢಿಯಿದ್ದಲ್ಲಿ ಇದಕ್ಕಿಂತ ಚೆಂದದ ಜಾಗವಿಲ್ಲ: ಮೊದಲ ಸಲ ಡಿಸೆಪ್ಟಿವ್, ಮರಳಿ ಹಾಡುವಾಗ ಆಥೆಂಟಿಕ್. ಮರಳಿ ಹಾಡಲು ಅದೇ ಒಂದು ಕಾರಣ ಕೊಟ್ಟಂತಾಗುತ್ತದೆ.

ಆದರೆ ಮೂರರಲ್ಲಿ ಹೆಚ್ಚು ಕೆಡುವುದೂ ಇದೇ. ಬಲಗೈಯಲ್ಲಿ ‘ಪ ನಿ ರಿ’ ಹಿಡಿದು, ಆ ಮೂರೂ ಬೆರಳನ್ನು ಹಾಗೇ ‘ಧ ಸ ಗ’ಕ್ಕೆ ಮೇಲೆ ಜಾರಿಸುವುದು ಕೈಗೆ ಸುಲಭ. ಬೇಸೂ ‘ಪ’ದಿಂದ ‘ಧ’ಕ್ಕೆ ಏರುವುದರಿಂದ ಎಲ್ಲ ಸ್ವರಗಳೂ ಒಟ್ಟಿಗೆ ಏರಿ ಕಿವಿಗೆ ಒರಟಾಗಿ ಬಡಿಯುತ್ತವೆ. ಬಲಗೈಗೆ ‘ನಿ ರಿ ಮ’ ಕೊಡಿ. ಎಡಗೈ ‘ಪ’ದಿಂದ ‘ಧ’ಕ್ಕೆ ಏರುವಾಗ ‘ನಿ’ ಏರಿ ‘ಸ’ಕ್ಕೆ, ‘ರಿ’ ಇಳಿದು ಅದೇ ‘ಸ’ಕ್ಕೆ, ‘ಮ’ ಇಳಿದು ‘ಗ’ಕ್ಕೆ ಬರಲಿ. ಬಲಗೈಯಲ್ಲಿ ಎರಡೇ ಸ್ವರ ಉಳಿದವು ಎಂದು ಗಾಬರಿ ಬೇಡ, ಅಷ್ಟೇ ಸಾಕು.

ಇನ್ನೊಂದು ಅಪಾಯ ಬೇಸ್ ಗಿಟಾರಿನವರದು. ಅವರಿಗೆ ಮೊದಲೇ ಹೇಳದಿದ್ದರೆ ರೂಢಿಯಂತೆ ‘ಸ’ ನುಡಿಸುತ್ತಾರೆ. ‘ಸ’ದ ಮೇಲೆ ಎ ಮೈನರ್ ಕೂತರೆ ಕಿವಿಗೆ ಅದು ಮನೆಗೆ ಬಂದಂತೆಯೇ ಕೇಳುತ್ತದೆ, ಅಚ್ಚರಿ ಸತ್ತುಹೋಗುತ್ತದೆ. ಸ-ಪ ತಂಬೂರಿ ಜೋರಾಗಿದ್ದರೂ ಅದು ಅರ್ಧ ಮಂಕಾಗುತ್ತದೆ. ಅಂಥಲ್ಲಿ ತಂಬೂರಿಯ ದನಿ ತಗ್ಗಿಸದೆ ಡಿಸೆಪ್ಟಿವ್ ಹಾಕಿ ಫಲವಿಲ್ಲ.

ಪ್ಲೇಗಲ್ ಎಂದರೆ ಎಫ್‌ನಿಂದ ಸಿ ಮೇಜರ್‌ಗೆ, ಚರ್ಚಿನ ಹಾಡುಗಳ ಕೊನೆಯ ‘ಆಮೆನ್’ನಲ್ಲಿ ಕೇಳುವ ಚಲನೆ. ಅದನ್ನು ಈ ಸಾಲಿಗೆ ನೇರವಾಗಿ ಹೊಂದಿಸಲು ಹೋದರೆ ಎಂಟನೇ ಮಾತ್ರೆಯ ‘ರಿ’ ಅಡ್ಡ ಬರುತ್ತದೆ, ಎಫ್ ಕಾರ್ಡಿನಲ್ಲಿ ‘ರಿ’ ಇಲ್ಲ. ಹಾಡು ‘ಮ’, ‘ಧ’ ಅಥವಾ ‘ಸ’ದಿಂದ ಕೊನೆಗೆ ಬಂದರೆ ಮಾತ್ರ ನೇರ ಪ್ಲೇಗಲ್ ಹೊಂದುತ್ತದೆ. ಇಲ್ಲಿ ಬೇರೆ ಉಪಾಯ ಬೇಕು: ಜಿ ಸೆವೆನ್ ಹಾಗೇ ಇರಲಿ, ಸಮದ ಮೇಲೆ ಎಫ್, ಐದನೇ ಮಾತ್ರೆಗೆ ಸಿ. ಹಾಡುವವರು ‘ಸ’ವನ್ನು ಕನಿಷ್ಠ ಐದನೇ ಮಾತ್ರೆ ದಾಟುವವರೆಗೆ ಎಳೆಯಬೇಕು. ಮೂರರಲ್ಲೇ ಉಸಿರು ಬಿಟ್ಟರೆ ಕಾರ್ಡ್ ಒಂಟಿಯಾಗಿ ಮನೆ ಸೇರುತ್ತದೆ. ‘ನಿ’ಯ ಎಳೆತ ಇಲ್ಲದ್ದರಿಂದ ಪ್ಲೇಗಲ್ ಮುಕ್ತಾಯ ಮೆತ್ತಗೆ, ಕುಣಿತದ ಹಾಡಿನ ಕೊನೆಗೆ ಇದು ಸಪ್ಪೆ, ಪ್ರಾರ್ಥನೆಯ ಹಾಡಿಗೆ ಸರಿ.

ಭೈರವಿಯ ಭಜನೆಗಳಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ‘ರಿ’ಯೂ ‘ನಿ’ಯೂ ಕೋಮಲ. ಜಿ ಸೆವೆನ್‌ನ ಶುದ್ಧ ‘ನಿ’, ಶುದ್ಧ ‘ರಿ’ ಎರಡೂ ಹಾಡುವವರ ಸ್ವರಕ್ಕೆ ತಿಕ್ಕುತ್ತವೆ, ಆದ್ದರಿಂದ ಆಥೆಂಟಿಕ್ ಬೇಡವೇ ಬೇಡ. ಎಫ್ ಮೈನರ್‌ನಿಂದ ಸಿ ಮೈನರ್‌ಗೆ ಹೋಗುವ ಪ್ಲೇಗಲ್ಲೇ ಗತಿ. ಸಾಲು ಕೋಮಲ ‘ರಿ’ಯಿಂದ ‘ಸ’ಕ್ಕೆ ಇಳಿಯುತ್ತಿದ್ದರೆ, ಆ ‘ರಿ’ಯ ಹೊತ್ತಿಗೆ ಎಫ್ ಮೈನರ್‌ನಿಂದ ‘ಸ’ವನ್ನು ಬಿಟ್ಟು, ಎಡಗೈಯಲ್ಲಿ ‘ಮ’, ಬಲಗೈಯಲ್ಲಿ ಕೋಮಲ ‘ಧ’ ಅಷ್ಟೇ ಹಿಡಿಯಿರಿ. ಬಿಡದಿದ್ದರೆ ಪಕ್ಕಪಕ್ಕದ ಆ ಎರಡು ಸ್ವರಗಳು ಕಚ್ಚಾಡುವುದು ಮೈಕಿನಲ್ಲಿ ಚೆನ್ನಾಗಿ ಕೇಳುತ್ತದೆ.