ಕಟ್ಟಡದ ಟೈಮ್‌ಲ್ಯಾಪ್ಸ್ ಮಾಡಿಸುವವರೇ, ಮೂಲ ಫೋಟೊಗಳನ್ನು ನೋಡದೆ ಹಣ ಕೊಡಬೇಡಿ

ಪಾಯದಿಂದ ತಾರಸಿಯವರೆಗೆ ಕಟ್ಟಡ ಏಳುವುದನ್ನು ಬಿಡಿ ಫೋಟೊಗಳಲ್ಲಿ ಹಿಡಿದು, ಅವನ್ನು ಜೋಡಿಸಿ ವೇಗವಾಗಿ ಓಡುವ ಟೈಮ್‌ಲ್ಯಾಪ್ಸ್ ಮಾಡಿಕೊಡುತ್ತೇವೆ ಎಂದು ಬರುವವರ ವಿಷಯದಲ್ಲಿ ದಯವಿಟ್ಟು ಎಚ್ಚರವಾಗಿರಿ. ನಮ್ಮ ಕಟ್ಟಡಕ್ಕೆ ಅಂಥ ಒಬ್ಬರನ್ನು ನೇಮಿಸಿ ನಾನು ಮೋಸಹೋಗಿದ್ದೇನೆ. ದಿನವೂ ಹತ್ತು ನಿಮಿಷಕ್ಕೊಂದು ಫೋಟೊ, ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಮಾತ್ರ ಅರ್ಧ ನಿಮಿಷಕ್ಕೊಂದು ಫೋಟೊ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೈಗೆ ಬಂದದ್ದು ಮಿಣುಕುವ, ಅಲುಗುವ, ನಡುವೆ ಕರಗಿಹೋಗುವ ಮೂರು ನಿಮಿಷದ ವಿಡಿಯೊ. ಅದನ್ನು ನಾನು ಮೊದಲ ಬಾರಿ ನೋಡಿದ್ದು ಬಂಧುಗಳೆಲ್ಲ ಕುಳಿತಿದ್ದಾಗ, ದೊಡ್ಡ ಪರದೆಯ ಮೇಲೆ. ‘ಟ್ಯೂಬ್‌ಲೈಟ್ ಹಾಳಾಗಿದೆಯೇ?’ ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು.

ಆದರೆ ಎದೆ ಧಸಕ್ಕೆಂದದ್ದು ಆ ಮಿಣುಕಿಗಲ್ಲ. ಮೊದಲ ಮಹಡಿಯ ಸೆಂಟ್ರಿಂಗ್ ಮುಗಿದು, ಅದರ ಮೇಲೆ ಕಂಬಿ ಕಟ್ಟಿರುವುದು ಕಾಣಿಸಿತು. ಇನ್ನು ಕಾಂಕ್ರೀಟ್ ಬರುತ್ತದೆ ಎಂದು ಕಾಯುತ್ತಿದ್ದರೆ, ಕಂಬಿಗಳು ಬಿಸಿಗೆ ಸಿಕ್ಕ ಮೇಣದಂತೆ ಬಾಗಿ ಕರಗಿದವು. ಅಂಚಿನಲ್ಲಿ ನಿಂತಿದ್ದ ಮೇಸ್ತ್ರಿಯ ಕಾಲು ಮಾಯವಾಗಿ ಮೈ ಮಾತ್ರ ಉಳಿಯಿತು. ಆ ಮಂಜಿನೊಳಗಿನಿಂದ ಆಗಲೇ ಒಣಗಿದ ತಾರಸಿ ಮೂಡಿ ಬಂತು. ಪಂಪ್ ಇಲ್ಲ, ಕಾಂಕ್ರೀಟ್ ಸುರಿದವರಿಲ್ಲ, ಹರಡಿದವರಿಲ್ಲ. ಇಡೀ ಕೆಲಸದಲ್ಲಿ ನಾನು ಮುಖ್ಯವಾಗಿ ಬಯಸಿದ್ದ ದಿನವೇ ಅದು.

ಫೋನ್ ಮಾಡಿದೆ. ‘ಅದು ಟ್ರಾನ್ಸಿಷನ್ ಎಫೆಕ್ಟ್ ಸರ್, ಈಗ ಎಲ್ಲರೂ ಅದನ್ನೇ ಕೇಳುತ್ತಾರೆ’ ಎಂಬ ಉತ್ತರ ಬಂತು. ಮಿಣುಕಿನ ಬಗ್ಗೆ ಕೇಳಿದರೆ, ‘ಮೋಡ ನಮ್ಮ ಕೈಯಲ್ಲಿದೆಯೇ ಸರ್?’ ಎಂದು ನನ್ನನ್ನೇ ಪ್ರಶ್ನಿಸಿದರು. ಮೂಲ ಫೋಟೊಗಳನ್ನು ಕೇಳಿದಾಗ ಮಾತ್ರ ಧ್ವನಿ ಬದಲಾಯಿತು. ‘ಅವು ನಮ್ಮ ವರ್ಕಿಂಗ್ ಫೈಲ್‌ಗಳು, ಕ್ಲೈಂಟ್‌ಗೆ ಕೊಡುವ ಪದ್ಧತಿ ಇಲ್ಲ.’ ಬಾಕಿ ಹಣ ತಡೆಹಿಡಿಯುತ್ತೇನೆ ಎಂದ ಮೇಲೆ ಹಾರ್ಡ್ ಡಿಸ್ಕ್ ಬಂತು. ಅದರಲ್ಲಿದ್ದ ಫೋಟೊಗಳ ಸಮಯವನ್ನು ಒಂದೊಂದಾಗಿ ನೋಡಿದಾಗ ಎಲ್ಲವೂ ಬಯಲಾಯಿತು.

ಮೊದಲನೆಯದು ಅಂತರ. ಹತ್ತು ನಿಮಿಷದ ಬದಲು ಅರ್ಧ ಗಂಟೆಗೊಂದು ಫೋಟೊ ತೆಗೆದಿದ್ದರು. ಇದರಿಂದ ಏನಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕ ಸಾಕು. ದಿನಕ್ಕೆ 10 ಗಂಟೆ ಕೆಲಸ ಎಂದಿಟ್ಟುಕೊಂಡರೆ ಹತ್ತು ನಿಮಿಷಕ್ಕೊಂದರಂತೆ 60 ಫೋಟೊ ಸಿಗುತ್ತವೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೊದಲ್ಲಿ ಅದು 2.4 ಸೆಕೆಂಡ್. ಅರ್ಧ ಗಂಟೆಗೊಂದಾದರೆ ಸಿಗುವುದು 20 ಫೋಟೊ, ಅಂದರೆ ಒಂದು ದಿನದ ಕೆಲಸ ಒಂದು ಸೆಕೆಂಡೂ ನಿಲ್ಲುವುದಿಲ್ಲ. 180 ದಿನಗಳಿಗೆ 3,600 ಫೋಟೊ, 2 ನಿಮಿಷ 24 ಸೆಕೆಂಡಿನ ವಿಡಿಯೊ. ಮೂರು ನಿಮಿಷಕ್ಕೆ 4,500 ಬೇಕು. ಆ ಕೊರತೆಯನ್ನು, ಅಕ್ಕಪಕ್ಕದ ಎರಡು ಫೋಟೊಗಳ ನಡುವೆ ಇಲ್ಲದ ಚಿತ್ರವನ್ನು ಊಹಿಸಿ ತುಂಬುವ ಸಾಫ್ಟ್‌ವೇರ್‌ನಿಂದ ಮುಚ್ಚಿದ್ದರು. ಎರಡು ಫೋಟೊಗಳ ನಡುವೆ ವಸ್ತುಗಳು ಸ್ವಲ್ಪವೇ ಸರಿದಿದ್ದರೆ ಆ ಊಹೆ ನಡೆಯುತ್ತದೆ. ಅರ್ಧ ಗಂಟೆಯಲ್ಲಿ ಜನ ಎಲ್ಲಿಂದೆಲ್ಲಿಗೋ ಹೋಗಿರುತ್ತಾರೆ, ನೆರಳು ತಿರುಗಿರುತ್ತದೆ. ಆಗ ಕಾಲಿಲ್ಲದ ಮೇಸ್ತ್ರಿ ಹುಟ್ಟುತ್ತಾನೆ.

ಕಾಂಕ್ರೀಟ್ ದಿನದ ಬಗ್ಗೆ, ‘ಆ ಫೈಲ್‌ಗಳು ಕರಪ್ಟ್ ಆದವು ಸರ್’ ಎಂದರು. ಅದೂ ಸುಳ್ಳು. ಫೋಟೊಗಳ ಕ್ರಮಸಂಖ್ಯೆಯಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ, ದಿನಾಂಕ ಮಾತ್ರ ಹಲವು ದಿನ ಮುಂದಕ್ಕೆ ಹಾರಿತ್ತು. ಫೋಟೊ ತೆಗೆದು ಆಮೇಲೆ ಕಳೆದುಕೊಂಡಿದ್ದರೆ ಸಂಖ್ಯೆಯಲ್ಲಿ ಬಿರುಕು ಕಾಣಿಸಬೇಕಿತ್ತು. ಕಾಣಿಸಲಿಲ್ಲ ಎಂದರೆ ಕ್ಯಾಮೆರಾ ಆ ದಿನಗಳಲ್ಲಿ ಫೋಟೊ ತೆಗೆದೇ ಇರಲಿಲ್ಲ. ಬ್ಯಾಟರಿ ಸತ್ತಿತ್ತೋ, ಕಾರ್ಡ್ ತುಂಬಿತ್ತೋ, ಬಂದು ನೋಡಿದವರೇ ಇಲ್ಲ. ಅರ್ಧ ನಿಮಿಷಕ್ಕೊಂದರಂತೆ ತೆಗೆದಿದ್ದರೆ 10 ಗಂಟೆಯಲ್ಲಿ 1,200 ಫೋಟೊ, 48 ಸೆಕೆಂಡಿನ ಸೊಗಸಾದ ತುಣುಕು ಸಿಗುತ್ತಿತ್ತು. ಆ ತಾರಸಿಗೆ ಇನ್ನೊಮ್ಮೆ ಕಾಂಕ್ರೀಟ್ ಹಾಕಲು ಬರುವುದಿಲ್ಲ.

ಮಿಣುಕಿಗೆ ಮೋಡ ಕಾರಣವಲ್ಲ. ಕ್ಯಾಮೆರಾವನ್ನು ಪೂರ್ತಿ ಆಟೋ ಮೋಡ್‌ನಲ್ಲಿ ಬಿಟ್ಟಿದ್ದರು. ಒಂದೇ ಬಿಸಿಲಿನಲ್ಲಿ ಅರ್ಧ ಗಂಟೆ ಅಂತರದ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಶಟರ್ ತೆರೆದಿದ್ದದ್ದು ಸೆಕೆಂಡಿನ 1/500 ಭಾಗ, ಗೋಡೆ ಇಟ್ಟಿಗೆ ಬಣ್ಣದಲ್ಲಿದೆ. ಎರಡನೆಯದರಲ್ಲಿ ಯಾರೋ ಕಪ್ಪು ಟಾರ್ಪಾಲು ಹರಡಿದ್ದಾರೆ. ದೃಶ್ಯವೇ ಕತ್ತಲಾಯಿತೆಂದು ಭಾವಿಸಿದ ಕ್ಯಾಮೆರಾ ಶಟರನ್ನು 1/125ಕ್ಕೆ ಇಳಿಸಿ ನಾಲ್ಕು ಪಟ್ಟು ಬೆಳಕು ಒಳಗೆ ಬಿಟ್ಟಿದೆ, ಅದೇ ಗೋಡೆ ಸುಣ್ಣ ಬಳಿದಂತೆ ಬೆಳ್ಳಗಾಗಿದೆ. ವೈಟ್ ಬ್ಯಾಲೆನ್ಸ್ ಕೂಡ ಆಟೋ ಇದ್ದುದರಿಂದ ಬಣ್ಣವೂ ಹಳದಿಗೂ ನೀಲಿಗೂ ಜಿಗಿಯುತ್ತಿತ್ತು. ಕಾಂಕ್ರೀಟ್ ದಿನದಂಥ ಒಂದೇ ದಿನದ ಚಿತ್ರೀಕರಣಕ್ಕೆ ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿಟ್ಟು, ಬೆಳಕು ನಿಧಾನವಾಗಿ ಬದಲಾದಾಗ ಮಾತ್ರ ತಿದ್ದಿಕೊಳ್ಳುವುದು ಸರಿಯಾದ ಕ್ರಮ. ತಿಂಗಳುಗಟ್ಟಲೆ ನಡೆಯುವ ಕೆಲಸಕ್ಕೆ ಒಂದೇ ಶಟರ್ ವೇಗ ಸಾಲದು, ಅದನ್ನು ಒಪ್ಪುತ್ತೇನೆ. ಆದರೆ ಅಲ್ಲಿಯೂ ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರನ್ನೂ ಕಟ್ಟಿಹಾಕಿ, ಶಟರನ್ನು ಮಾತ್ರ ಕ್ಯಾಮೆರಾಕ್ಕೆ ಬಿಟ್ಟು, ಉಳಿದ ಏರಿಳಿತವನ್ನು ಡಿಫ್ಲಿಕರ್ ಸಾಫ್ಟ್‌ವೇರ್‌ನಲ್ಲಿ ಸಮ ಮಾಡಬಹುದು. ಸುಟ್ಟು ಬಿಳಿಯಾದ ಜೆಪೆಗ್ ಚಿತ್ರದಲ್ಲಿ ಸಮ ಮಾಡಲು ವಿವರವೇ ಉಳಿದಿರುವುದಿಲ್ಲ.

ಅಲುಗಾಟದ ಕಥೆ ಇನ್ನೂ ಅನ್ಯಾಯದ್ದು. ಪಕ್ಕದ ಕಟ್ಟಡದ ಗಟ್ಟಿ ಕಂಬಕ್ಕೆ ಬಿಗಿಯುತ್ತೇವೆ ಎಂದವರು ನಮ್ಮದೇ ಸಾರುವೆಯ ಪೈಪಿಗೆ ಕ್ಲ್ಯಾಂಪ್ ಹಾಕಿದ್ದರು. ಸಾರುವೆ ಬಿಚ್ಚಿ ಕಟ್ಟಿದಾಗಲೆಲ್ಲ ಕ್ಯಾಮೆರಾವೂ ಜಾಗ ಬದಲಿಸಿತು. ಕೇಳಿದರೆ, ‘ಸ್ಟೆಬಿಲೈಸರ್ ಹಾಕಿದ್ದೇವಲ್ಲ ಸರ್’ ಎಂದರು. ಕ್ಯಾಮೆರಾ ಇದ್ದಲ್ಲೇ ಸ್ವಲ್ಪ ತಿರುಗಿದ್ದರೆ ಅಂಚು ಕತ್ತರಿಸಿ ಸರಿಪಡಿಸಬಹುದು. ಆದರೆ ಅದು ಒಂದು ಮೊಳ ಪಕ್ಕಕ್ಕೆ ಹೋದರೆ, ಮುಂದಿನ ಕಂಬ ಹಿಂದಿನ ಕಿಟಕಿಯನ್ನು ಮರೆಮಾಡುವ ರೀತಿಯೇ ಬದಲಾಗುತ್ತದೆ. ಅದನ್ನು ಯಾವ ಸ್ಟೆಬಿಲೈಸರೂ ಹಿಂದಕ್ಕೆ ತರಲಾರದು. ನಮ್ಮ ವಿಡಿಯೊದಲ್ಲಿ ಕಂಬ ಸ್ಥಿರವಾಗಿ ನಿಂತಿದೆ, ಹಿಂದಿನ ಮನೆ ಎಡಕ್ಕೆ ಜಾರಿಕೊಂಡು ಹೋಗುತ್ತದೆ.

ಆದ್ದರಿಂದ ಮೂಲ ಫೋಟೊಗಳು ನಿಮಗೆ ಸೇರಬೇಕೆಂದು ಮೊದಲೇ ಬರೆಸಿಕೊಳ್ಳಿ. ಪ್ರತಿ ವಾರ ಅವುಗಳ ನಕಲು ಪಡೆದು ಸಮಯ, ಕ್ರಮಸಂಖ್ಯೆ, ಶಟರ್ ಇಷ್ಟನ್ನು ನೋಡಿ, ಕಂತನ್ನು ಆಮೇಲೆ ಕೊಡಿ. ಕ್ಲ್ಯಾಂಪ್ ಎಲ್ಲಿ ಹಾಕಿದ್ದಾರೆಂದು ಕಣ್ಣಾರೆ ನೋಡಿ. ‘ಎಫೆಕ್ಟ್’ ಎಂಬ ಮಾತು ಬಂದ ಕೂಡಲೇ ಅದರ ಹಿಂದಿನ ಫೋಟೊಗಳನ್ನು ಕೇಳಿ.

ಈಗ ನಾನೇ ಪ್ರತಿ ದಿನ ಮಧ್ಯಾಹ್ನ 12ರ ಆಸುಪಾಸಿನ ಒಂದೊಂದು ಫೋಟೊ ಆರಿಸಿ ಜೋಡಿಸುತ್ತಿದ್ದೇನೆ. ಒಂದೇ ಹೊತ್ತಿನವಾದ್ದರಿಂದ ನೆರಳು ಅಷ್ಟಾಗಿ ಕುಣಿಯುವುದಿಲ್ಲ, ಸಾರುವೆ ಸರಿದ ಕಡೆಗಳಲ್ಲಿ ತುಣುಕನ್ನು ನೇರವಾಗಿ ಕತ್ತರಿಸಿದ್ದೇನೆ. ಸೆಕೆಂಡಿಗೆ 12ರಂತೆ ಓಡಿಸಿದರೆ ಕಾಲು ನಿಮಿಷದಷ್ಟಾಗುತ್ತದೆ. ಅವರಿಂದ ನಿನ್ನೆ ಮತ್ತೊಂದು ಸಂದೇಶ ಬಂದಿದೆ: ‘ಬಾಕಿ ಹಣ ಬೇಗ ಕಳಿಸಿ ಸರ್, ಹಾರ್ಡ್ ಡಿಸ್ಕ್‌ನ ಬೆಲೆಯನ್ನೂ ಸೇರಿಸಿದ್ದೇವೆ.’